ಅಣಕ: ಗೆಳೆತನದ ಸಲಿಗೆ ಅವಮಾನವಾಗುವುದು ಯಾವಾಗ?

ಬುಕ್ಕಸಾಗರ: ಹಂಪಿಯಿಂದ ಕಂಪ್ಲಿಯ ಕಡೆಗೆ ಸಾಗುವ ಹಾದಿಯಲ್ಲಿ, ತುಂಗಭದ್ರೆಯ ದಂಡೆಗೆ ಸಮೀಪದಲ್ಲಿರುವ ಬುಕ್ಕಸಾಗರದಂಥ ಊರುಗಳಲ್ಲಿ ಸಂಜೆ ಹೊತ್ತು ಚಹಾದಂಗಡಿಯ ಮುಂದೆ ನಿಂತರೆ ಒಂದು ನೋಟ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಬಾಳೆ, ಕಬ್ಬಿನ ಹೊಲದ ಕೆಲಸ ಮುಗಿಸಿ ಬಂದ ವಾರಿಗೆಯ ಗೆಳೆಯರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅವರಲ್ಲೊಬ್ಬ ಎದ್ದು ನಿಂತು ಮತ್ತೊಬ್ಬನಂತೆ ಮಾತನಾಡಲು ತೊಡಗುತ್ತಾನೆ. ಅದೇ ದನಿ, ಅದೇ ಕೈ ಬೀಸು, ಅದೇ ಮುಖಭಾವ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಣಕಕ್ಕೆ ಗುರಿಯಾದವನೂ ನಗುತ್ತಾನೆ. ಆದರೆ ಎಲ್ಲ ಸಲವೂ ನಗುವುದಿಲ್ಲ. ಒಮ್ಮೊಮ್ಮೆ ಅವನು ಮೌನವಾಗಿ ಎದ್ದು ಹೋಗುತ್ತಾನೆ. ಮರುದಿನ ಕಟ್ಟೆಗೆ ಬರುವುದೇ ಇಲ್ಲ.

ಒಂದೇ ಅಣಕ ಒಂದು ದಿನ ಸಲಿಗೆಯ ಗುರುತಾಗಿ, ಇನ್ನೊಂದು ದಿನ ಅವಮಾನವಾಗಿ ತೋರುವುದೇಕೆ? ಇದಕ್ಕೆ ಉತ್ತರ ಅಣಕಿಸುವವನ ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ. ಏನನ್ನು ಅಣಕಿಸಲಾಯಿತು, ಯಾರ ಮುಂದೆ ಅಣಕಿಸಲಾಯಿತು, ಗುರಿಯಾದವನಿಗೆ ತಿರುಗಿ ಅಣಕಿಸುವ ಅವಕಾಶವಿತ್ತೇ ಎಂಬ ಮೂರು ಸಂಗತಿಗಳಲ್ಲಿ ಅದರ ಬಹುಪಾಲು ಅಡಗಿದೆ.

ಅನುಕರಣೆಯ ಎರಡು ಮುಖ

ಅನುಕರಣೆ ತಾನಾಗಿಯೇ ಹಗೆಯ ಕೆಲಸವಲ್ಲ. ಜೊತೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ತಮಗೆ ಅರಿವಿಲ್ಲದೆಯೇ ಒಬ್ಬರಂತೆ ಇನ್ನೊಬ್ಬರು ಕೂರುತ್ತಾರೆ, ತಲೆಯಾಡಿಸುತ್ತಾರೆ, ಪದ ಎಳೆಯುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ತಾನ್ಯಾ ಚಾರ್ಟ್ರಾಂಡ್ ಮತ್ತು ಜಾನ್ ಬಾರ್ಗ್ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷೆಗೆ ಒಡ್ಡಿತ್ತು. ಎದುರಿಗಿದ್ದ ಅಪರಿಚಿತರು ಕಾಲು ಅಲುಗಿಸಿದರೆ ಪ್ರಯೋಗದಲ್ಲಿ ಪಾಲ್ಗೊಂಡವರೂ ಹೆಚ್ಚಾಗಿ ಕಾಲು ಅಲುಗಿಸುತ್ತಿದ್ದರು. ಅವರು ಮುಖ ಸವರಿಕೊಂಡರೆ ಇವರೂ ಸವರಿಕೊಳ್ಳುತ್ತಿದ್ದರು. ತಮ್ಮ ಹಾವಭಾವಗಳನ್ನು ಸದ್ದಿಲ್ಲದೆ ಅನುಸರಿಸಿದವರನ್ನು ಜನ ಹೆಚ್ಚು ಮೆಚ್ಚಿಕೊಂಡರು ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಕಟ್ಟೆಯ ಮೇಲಿನ ಅಣಕ ಇದಕ್ಕಿಂತ ಭಿನ್ನ. ಅದು ಅರಿವಿದ್ದು, ಬೇಕೆಂದೇ, ನೋಡುವವರ ಸಲುವಾಗಿ ಮಾಡುವ ಅನುಕರಣೆ. ಅಲ್ಲಿ ಗೆಳೆಯನ ನೂರು ಚರ್ಯೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲಾಗುತ್ತದೆ. ಅದನ್ನು ಇದ್ದುದಕ್ಕಿಂತ ದೊಡ್ಡದಾಗಿ ಮಾಡಿ ತೋರಿಸಲಾಗುತ್ತದೆ. ಹೀಗೆ ಹಿಗ್ಗಿಸಿದಾಗಲೇ ಅದು ಆಟವೆಂದು ಸುತ್ತಲಿನವರಿಗೆ ತಿಳಿಯುವುದು. ಗೆಳೆಯ ಎರಡು ಸಲ ಕೆಮ್ಮಿ ಮಾತು ಆರಂಭಿಸುವವನಾದರೆ ಅಣಕಿಸುವವನು ಆರು ಸಲ ಕೆಮ್ಮುತ್ತಾನೆ. ಎರಡೇ ಸಲ ಕೆಮ್ಮಿದರೆ ಯಾರೂ ನಗುವುದಿಲ್ಲ.

ಇಲ್ಲಿ ಇನ್ನೊಂದು ಸಂದೇಶವೂ ಇರುತ್ತದೆ. 'ನಿನ್ನನ್ನು ನಾನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದೇನೆ' ಎಂಬುದು ಅದು. ಅಪರಿಚಿತನಿಗೆ ಈ ಅಣಕ ಸಾಧ್ಯವೇ ಇಲ್ಲ. ವರ್ಷಗಟ್ಟಲೆ ಜೊತೆಗೆ ಕುಳಿತವನಿಗೆ ಮಾತ್ರ ಯಾವ ಮಾತಿಗೆ ಗೆಳೆಯನ ಹುಬ್ಬು ಮೇಲೇರುತ್ತದೆ ಎಂಬುದು ಗೊತ್ತಿರುತ್ತದೆ. ಒಳ್ಳೆಯ ಅಣಕಕ್ಕೆ ಗುರಿಯಾದವನು ಮುಜುಗರದ ನಡುವೆಯೂ ಹಿಗ್ಗುವುದು ಇದೇ ಕಾರಣಕ್ಕೆ.

'ಇದು ಆಟ' ಎಂಬ ಸೂಚನೆ

ಕೀಟಲೆಯಲ್ಲಿ ಎರಡು ಭಾಗಗಳಿರುತ್ತವೆ ಎಂದು ಡ್ಯಾಚರ್ ಕೆಲ್ಟ್ನರ್ ಮತ್ತು ಸಂಗಡಿಗರು 2001ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಮೊದಲನೆಯದು ಕೆಣಕು. ಎರಡನೆಯದು, ಆ ಕೆಣಕನ್ನು ನಿಜವೆಂದು ತೆಗೆದುಕೊಳ್ಳಬೇಡ ಎಂದು ತಿಳಿಸುವ ಆಟದ ಸೂಚನೆ. ದನಿಯ ಏರಿಳಿತ, ಅತಿಯಾದ ಅಭಿನಯ, ಕಣ್ಣಿನ ಹೊಳಪು, ಕೊನೆಗೆ ಹೆಗಲ ಮೇಲೆ ಹಾಕುವ ಕೈ ಇವೆಲ್ಲ ಅಂಥ ಸೂಚನೆಗಳು. ಸೂಚನೆ ಇಲ್ಲದ ಕೆಣಕು ನೇರ ಬೈಗುಳವಾಗುತ್ತದೆ. ಕೆಣಕೇ ಇಲ್ಲದಿದ್ದರೆ ಅದು ಕೀಟಲೆಯಾಗುವುದಿಲ್ಲ.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೃಗಾಲಯದಲ್ಲಿ ಎರಡು ಮರಿಕೋತಿಗಳು ಕಚ್ಚಾಡುವ ಆಟ ಆಡುತ್ತಿದ್ದುದನ್ನು ಕಂಡು ಇದೇ ಪ್ರಶ್ನೆಯನ್ನು ಎತ್ತಿದ್ದರು. ಕೋತಿ ಮೆಲ್ಲಗೆ ಕಚ್ಚುತ್ತದೆ. ಅದು ಕಡಿತವನ್ನು ಹೋಲುತ್ತದೆ, ಆದರೆ ಕಡಿತದ ಅರ್ಥ ಅದಕ್ಕಿಲ್ಲ. ಎರಡೂ ಕೋತಿಗಳು 'ಇದು ಆಟ' ಎಂದು ಒಪ್ಪಿರುವವರೆಗೆ ಆಟ ನಡೆಯುತ್ತದೆ. ಒಂದಕ್ಕೆ ಸಂಶಯ ಬಂದರೆ ಅದೇ ಹಲ್ಲು, ಅದೇ ಚರ್ಮ, ಆದರೆ ಜಗಳ ನಿಜವಾಗುತ್ತದೆ. ಅಣಕದ ವಿಷಯದಲ್ಲಿಯೂ ಹೀಗೆಯೇ. ಆಟವೆಂಬ ಒಪ್ಪಿಗೆಗೆ ಇಬ್ಬರ ಸಹಿಯೂ ಬೇಕು.

ಮೂರು ಸಂಜೆಗಳ ಉದಾಹರಣೆ

ಈ ಒಪ್ಪಿಗೆ ಮುರಿಯುವ ಬಗೆಯನ್ನು ತಿಳಿಯಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ನಾಲ್ವರು ಗೆಳೆಯರು. ಅವರಲ್ಲೊಬ್ಬನಿಗೆ ಏನು ಕೇಳಿದರೂ ಮೊದಲು ಗಂಟಲು ಸರಿಪಡಿಸಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ಎಡದಿಂದ ಬಲಕ್ಕೆ ಹಾಕಿಕೊಂಡು, 'ಅದು ಹಂಗಲ್ಲ ನೋಡು' ಎಂದೇ ಮಾತು ಆರಂಭಿಸುವ ಅಭ್ಯಾಸ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದಾಗಿ ಅವನ ಒಂದು ಕಾಲು ತುಸು ಗಿಡ್ಡ. ನಡೆಯುವಾಗ ಒಂದು ಬದಿಗೆ ವಾಲುತ್ತಾನೆ.

ಮೊದಲ ಸಂಜೆ ಗೆಳೆಯನೊಬ್ಬ ಟವೆಲ್ ಎತ್ತಿಕೊಂಡು, ಆರು ಸಲ ಕೆಮ್ಮಿ, 'ಅದು ಹಂಗಲ್ಲ ನೋಡು' ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಗುರಿಯಾದವನು ಸುಮ್ಮನಿರದೆ, 'ಅಷ್ಟು ಮೆಲ್ಲಗ ಅಲ್ಲಲೇ, ನಾನು ಇನ್ನೂ ಜೋರಾಗಿ ಕೆಮ್ಮತೀನಿ' ಎಂದು ತಾನೇ ಮಾಡಿ ತೋರಿಸುತ್ತಾನೆ. ಬಳಿಕ ಅಣಕಿಸಿದವನು ಹಣ ಕೊಡುವ ಹೊತ್ತಿಗೆ ಜೇಬು ತಡಕಾಡುವ ರೀತಿಯನ್ನು ಆಡಿ ತೋರಿಸಿ ಸಾಲ ತೀರಿಸುತ್ತಾನೆ. ಇಲ್ಲಿ ಎಲ್ಲವೂ ಸರಿಯಾಗಿದೆ. ಅಣಕಕ್ಕೆ ಸಿಕ್ಕಿದ್ದು ಅಭ್ಯಾಸ. ಬೇಕೆಂದರೆ ಅವನು ಅದನ್ನು ಬಿಡಬಲ್ಲ. ನೋಡಿದವರು ಅವನ ಬೇರೆ ಗುಣಗಳನ್ನೂ ಬಲ್ಲವರು. ಅವನಿಗೆ ಉತ್ತರಿಸುವ ಅವಕಾಶವಿತ್ತು, ಉತ್ತರಿಸಿದ.

ಎರಡನೆಯ ಸಂಜೆ ಅವನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಬಂದಿದ್ದಾರೆ. ಅದೇ ಗೆಳೆಯ, ಅದೇ ಟವೆಲ್, ಅದೇ ಆರು ಕೆಮ್ಮು. ಅಣಕದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ನೋಡುವವರಲ್ಲಿ. ಹೊಸದಾಗಿ ಬಂದವರಿಗೆ ಈ ಮನುಷ್ಯನ ಬಗ್ಗೆ ಬೇರೇನೂ ಗೊತ್ತಿಲ್ಲ; ಅವರ ಪಾಲಿಗೆ ಅವನೆಂದರೆ ಕೆಮ್ಮುವವನು ಎಂದಾಗುತ್ತದೆ. ಹಿರಿಯರ ಎದುರು ತಿರುಗಿ ಅಣಕಿಸಲು ಅವನಿಗೆ ಸಾಧ್ಯವೂ ಇಲ್ಲ. ಅವನು ನಗುತ್ತಾನೆ, ನಿಜ. ಆದರೆ ಆ ನಗೆ ಬಾಯಿಯಲ್ಲಿ ನಿಂತಿರುತ್ತದೆ, ಕಣ್ಣಿಗೆ ಏರಿರುವುದಿಲ್ಲ.

ಮೂರನೆಯ ಸಂಜೆ ಕಟ್ಟೆಯ ಮೇಲೆ ಮತ್ತೆ ಆ ನಾಲ್ವರೇ ಇದ್ದಾರೆ. ಕೆಮ್ಮಿನ ಅಣಕ ಹಳತಾಗಿದೆ, ನಗು ಮೊದಲಿನಷ್ಟು ಬರುತ್ತಿಲ್ಲ. ಅಣಕಿಸುವವನು ಹೊಸದೇನಾದರೂ ಬೇಕೆಂದು ವಾಲುತ್ತಾ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಾನೆ. ನಗು ಬರುತ್ತದೆ, ಆದರೆ ಒಬ್ಬನ ನಗು ನಡುವೆಯೇ ನಿಲ್ಲುತ್ತದೆ. ಗುರಿಯಾದವನು ಚಹಾ ಲೋಟ ಕೆಳಗಿಟ್ಟು ಹೊರಡುತ್ತಾನೆ. 'ಏ, ಬರೀ ತಮಾಷಿಗಲೇ' ಎಂಬ ಮಾತು ಅವನ ಬೆನ್ನಿಗೆ ಬೀಳುತ್ತದೆ.

ಈ ಮೂರನೆಯ ಅಣಕ ಅಭ್ಯಾಸವನ್ನು ಹಿಡಿದದ್ದಲ್ಲ, ದೇಹವನ್ನು ಹಿಡಿದದ್ದು. ಕೆಮ್ಮುವುದನ್ನು ಅವನು ಬಿಡಬಲ್ಲ, ವಾಲುವುದನ್ನು ಬಿಡಲಾರ. ಜೊತೆಗೆ, ಆ ನಡಿಗೆಯನ್ನು ಶಾಲೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಯಾರ್‍ಯಾರೋ ಆಡಿಕೊಂಡದ್ದು ಅವನ ನೆನಪಿನಲ್ಲಿದೆ. ಗೆಳೆಯನ ನಾಲ್ಕು ಹೆಜ್ಜೆಗಳು ಆ ಎಲ್ಲ ನೆನಪುಗಳ ಸಾಲಿಗೆ ಸೇರುತ್ತವೆ. ಮಾತಿನ ತೊದಲು, ಮೈಬಣ್ಣ, ಕೇರಿ ಅಥವಾ ಜಾತಿಯ ಗುರುತು ಹೊತ್ತ ನುಡಿಯ ಧಾಟಿ ಇವುಗಳ ಅಣಕವೂ ಇದೇ ಗುಂಪಿಗೆ ಸೇರುತ್ತದೆ. ಅಲ್ಲಿ ಅಣಕವಾಗುವುದು ಒಬ್ಬನ ಚರ್ಯೆ ಮಾತ್ರವಲ್ಲ. ಅವನಂಥ ಎಲ್ಲರೂ ಗುರಿಯಾಗುತ್ತಾರೆ.

ಹಗಲುವೇಷದವರ ಪಾಠ

ಅನುಕರಣೆಯನ್ನೇ ವೃತ್ತಿ ಮಾಡಿಕೊಂಡ ಸಮುದಾಯ ಈ ಭಾಗಕ್ಕೆ ಹೊಸದಲ್ಲ. ಬಳ್ಳಾರಿ ಮತ್ತು 2021ರಲ್ಲಿ ಅದರಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಜನರಿಗೆ ಹಗಲುವೇಷಗಾರರು ಪರಿಚಿತರು. ಬಯಲಾಟ ರಾತ್ರಿಯ ಕಲೆಯಾದರೆ ಇವರದು ಹೆಸರೇ ಹೇಳುವಂತೆ ಹಗಲಿನ ಕಲೆ. ರಂಗಸ್ಥಳವಿಲ್ಲ, ಪರದೆಯಿಲ್ಲ. ಪುರಾಣದ ಪಾತ್ರಗಳ ಜೊತೆಗೆ ಸಾಮಾಜಿಕ ಪಾತ್ರಗಳ ವೇಷವನ್ನೂ ಧರಿಸಿ ಬೀದಿಯಲ್ಲಿ, ಮನೆಯಂಗಳದಲ್ಲಿ ಆಡುತ್ತಾರೆ. ಒಂದು ಊರಿನಲ್ಲಿ ಕೆಲವು ದಿನ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಕೊನೆಯ ದಿನ ಮನೆಮನೆಗೆ ಹೋಗಿ ದವಸ, ಕಾಣಿಕೆ ಸ್ವೀಕರಿಸುವುದು ಹಿಂದಿನಿಂದ ಬಂದ ರೂಢಿ.

ಊರಿನವರಿಂದಲೇ ಕಾಣಿಕೆ ಪಡೆಯಬೇಕಾದ ಕಲಾವಿದನ ಸ್ಥಿತಿಯನ್ನು ಗಮನಿಸಬೇಕು. ಅವನು ಅಧಿಕಾರಿಯ ದರ್ಪವನ್ನು ಅಣಕಿಸಬಹುದು, ಸಾಹುಕಾರನ ಜಿಪುಣತನವನ್ನು ಅಣಕಿಸಬಹುದು. ಆದರೆ ಇಂಥದೇ ಮನೆಯ ಇಂಥ ಸಾಹುಕಾರನ ಕುಂಟು ಕಾಲನ್ನು ಅಣಕಿಸಿ ಮರುದಿನ ಅದೇ ಬಾಗಿಲಿಗೆ ಹೋಗಲಾರ. ವೇಷ, ಬಣ್ಣ, ವಾದ್ಯಗಳು 'ಇದು ಆಟ' ಎಂಬ ಸೂಚನೆಯನ್ನು ಎಲ್ಲರಿಗೂ ಎದ್ದು ಕಾಣುವಂತೆ ನೀಡುತ್ತವೆ. ಅಣಕ ವ್ಯಕ್ತಿಯ ಬದಲು ಮಾದರಿಯ ಮೇಲೆ ಬೀಳುತ್ತದೆ. ಕಟ್ಟೆಯ ಅಣಕದಲ್ಲಿ ಈ ಎರಡು ರಕ್ಷಣೆಗಳೂ ಇಲ್ಲ. ಅಲ್ಲಿ ವೇಷವಿಲ್ಲ, ಗುರಿಯಾದವನು ಎದುರಿಗೇ ಕುಳಿತಿರುತ್ತಾನೆ.

ನಟರಿಗೂ ಈ ಎಲ್ಲೆ ತಪ್ಪಿದ್ದುಂಟು. ಭರತನ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಬರುವ ಕಥೆಯ ಪ್ರಕಾರ ಭರತನ ಮಕ್ಕಳು ತಮ್ಮ ವಿದ್ಯೆಯ ಮದದಿಂದ ಋಷಿಗಳನ್ನೇ ಅಣಕಿಸುವ ಪ್ರಹಸನಗಳನ್ನು ಆಡಿ ತೋರಿಸಿದರು. ಅದನ್ನು ಸಹಿಸದ ಋಷಿಗಳು ಶಾಪವಿತ್ತರು. ನಾಟ್ಯವನ್ನೇ ಲೋಕದ ಅನುಕರಣೆ ಎಂದು ಕರೆದ ಗ್ರಂಥವೇ ಅನುಕರಣೆಯಿಂದ ಬಂದ ಶಾಪದ ಕಥೆಯನ್ನೂ ಹೇಳುತ್ತದೆ. ಅದೇ ಗ್ರಂಥ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು 6 ಬಗೆಯಾಗಿ ವಿಂಗಡಿಸಿದೆ. ಮೊದಲೆರಡು ಉತ್ತಮರ ನಗೆ, ನಡುವಿನೆರಡು ಮಧ್ಯಮರದು, ಕೊನೆಯೆರಡು ಅಧಮರದು ಎಂಬುದು ಅಲ್ಲಿನ ಲೆಕ್ಕ.

ಯಾರು ಯಾರನ್ನು ಅಣಕಿಸಬಹುದು?

ಕನ್ನಡದ ಕುಟುಂಬಗಳಲ್ಲಿ ಇದಕ್ಕೆ ಬರೆಯದ ಕಟ್ಟಳೆಯೊಂದಿದೆ. ಅತ್ತೆಯ ಮಗ, ಸೋದರಮಾವನ ಮಗಳು, ಭಾವ, ಮೈದುನ, ಬೀಗರು ಇವರ ನಡುವೆ ಕೀಟಲೆಗೆ ಸಲಿಗೆ ಇದೆ. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಹಂಗಿಸುವ ಪದ್ಧತಿಯೂ ಉಂಟು. ಆದರೆ ಅಳಿಯ ಮಾವನನ್ನು, ಸೊಸೆ ಅತ್ತೆಯನ್ನು ಎದುರಿನಲ್ಲಿ ಅಣಕಿಸುವುದು ಸಲ್ಲದು. ಕೆಲವು ಸಂಬಂಧಗಳಲ್ಲಿ ಕೀಟಲೆ ಮಾಡುವುದೂ ಅದಕ್ಕೆ ಸಿಟ್ಟಾಗದಿರುವುದೂ ಎರಡೂ ಕಡ್ಡಾಯವೆಂಬಂತೆ ಇರುವುದನ್ನು ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿಯೇ ಗುರುತಿಸಿ, ಹಲವು ಸಮಾಜಗಳಲ್ಲಿ ಇದು ಕಂಡುಬರುತ್ತದೆ ಎಂದಿದ್ದರು.

ಗೆಳೆತನದಲ್ಲಿ ಇಂಥ ಕಟ್ಟಳೆ ಯಾರೂ ಹಾಕಿಕೊಟ್ಟಿರುವುದಿಲ್ಲ. ಅದನ್ನು ಗೆಳೆಯರೇ ದಿನದಿನವೂ ಕಟ್ಟಿಕೊಳ್ಳಬೇಕು. ಅದು ಸರಿಯಿದೆಯೇ ಎಂದು ಅರಿಯಲು ಇರುವ ಒಳ್ಳೆಯ ಅಳತೆಗೋಲು ಸರದಿ. ಒಂದು ಗುಂಪಿನಲ್ಲಿ ಅಣಕ ಎಲ್ಲರ ಮೇಲೂ ಸುತ್ತಿ ಬರುತ್ತಿದ್ದರೆ ಆಟ ನಡೆದಿದೆ ಎಂದರ್ಥ. ತಿಂಗಳುಗಟ್ಟಲೆ ಒಬ್ಬನೇ ಗುರಿಯಾಗಿ, ಒಬ್ಬನೇ ಅಣಕಿಸುತ್ತಿದ್ದರೆ ಅಲ್ಲಿ ಸಮಾನತೆ ಇಲ್ಲ. ಹಣ, ಜಾತಿ, ವಯಸ್ಸು, ಉದ್ಯೋಗದ ಹಂಗಿನಿಂದ ಅವನಿಗೆ ತಿರುಗಿ ಆಡಲು ಸಾಧ್ಯವಾಗುತ್ತಿಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಕೂಲಿಯವನನ್ನು ಧಣಿ ಅಣಕಿಸಿದಾಗ ಕೂಲಿಯವನು ನಗುವುದು ಒಪ್ಪಿಗೆಯ ಗುರುತಲ್ಲ.

'ತಮಾಷೆಗೆ' ಎಂಬ ಮಾತು ಸಾಲದೇಕೆ?

ಮನ ನೋಯಿಸಿದವರು ಸಾಮಾನ್ಯವಾಗಿ ಹೇಳುವುದು 'ತಮಾಷೆಗೆ ಮಾಡಿದ್ದು' ಎಂದು. ಬಹಳಷ್ಟು ಸಲ ಅದು ಸುಳ್ಳಲ್ಲ. ತೊಡಕಿರುವುದು ಬೇರೆಡೆ. ಜಸ್ಟಿನ್ ಕ್ರೂಗರ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಟಲೆ ಮಾಡಿದವರು ತಮ್ಮ ಒಳ್ಳೆಯ ಉದ್ದೇಶ ಎದುರಿನವರಿಗೂ ತಿಳಿದಿದೆ ಎಂದು ಭಾವಿಸಿದ್ದರೆ, ಗುರಿಯಾದವರು ಅದೇ ಕೀಟಲೆಯನ್ನು ಹೆಚ್ಚು ನೋವಿನದಾಗಿ ಕಂಡಿದ್ದರು. ಅಣಕಿಸುವವನಿಗೆ ತನ್ನ ಪ್ರೀತಿ ಒಳಗಿನಿಂದ ಗೊತ್ತು. ಗುರಿಯಾದವನಿಗೆ ಕಾಣುವುದು ಹೊರಗಿನ ಅಣಕ ಮಾತ್ರ. ಒಳಗಿನದು ಹೊರಗೆ ಕಾಣುವಂತೆ ಸೂಚನೆ ಕೊಡುವ ಹೊಣೆ ಅಣಕಿಸುವವನದು.

ಅಣಕ ಎಲ್ಲೆ ಮೀರಿತೆಂಬುದನ್ನು ತಿಳಿಯಲು ಗುರಿಯಾದವನ ನಗೆಯೊಂದನ್ನೇ ನಂಬುವಂತಿಲ್ಲ. ಗುಂಪಿನ ನಡುವೆ ಸಿಟ್ಟಾದರೆ 'ತಮಾಷೆ ತಿಳಿಯದವನು' ಎಂಬ ಹೆಸರು ಬರುತ್ತದೆಂದು ಅನೇಕರು ನಕ್ಕು ಸಾಗಹಾಕುತ್ತಾರೆ. ನಗೆಗಿಂತ ನಂಬಿಕೆಯ ಗುರುತು ಅದರ ಬಳಿಕದ ನಡವಳಿಕೆಯಲ್ಲಿದೆ. ಅವನು ಆ ಅಣಕವನ್ನು ಮುಂದುವರಿಸುತ್ತಾನೆಯೇ, ಮಾತು ಬದಲಿಸುತ್ತಾನೆಯೇ? ಅಣಕಕ್ಕೆ ಗುರಿಯಾದ ಚರ್ಯೆಯನ್ನು ಅಡಗಿಸಲು ತೊಡಗುತ್ತಾನೆಯೇ? ನಮ್ಮ ಉದಾಹರಣೆಯ ಗೆಳೆಯ ಮೊದಲ ಸಂಜೆಯ ನಂತರವೂ ಕೆಮ್ಮಿಯೇ ಮಾತನಾಡುತ್ತಿದ್ದ. ಮೂರನೆಯ ಸಂಜೆಯ ಬಳಿಕ ಅವನು ಕಟ್ಟೆಗೆ ಬಂದರೂ ಎಲ್ಲರಿಗಿಂತ ಮೊದಲು ಬಂದು ಕುಳಿತು, ಎಲ್ಲರೂ ಹೋದ ಮೇಲೆ ಏಳತೊಡಗಿದರೆ ಅದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ತನ್ನ ನಡಿಗೆ ಯಾರ ಕಣ್ಣಿಗೂ ಬೀಳಬಾರದೆಂದು ಅವನು ಬಯಸುತ್ತಿದ್ದಾನೆ.

ಕಾನೂನು ಎಳೆದ ಗೆರೆ

ಕಟ್ಟೆಯ ಮಾತಿಗೆಲ್ಲ ಕಾನೂನು ಬರುವುದಿಲ್ಲ. ಆದರೆ ಒಂದು ಗೆರೆ ಇದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ 92ನೇ ಕಲಂ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅಂಗವಿಕಲ ವ್ಯಕ್ತಿಯನ್ನು ಅಪಮಾನಗೊಳಿಸುವ ಇರಾದೆಯಿಂದ ಬೇಕೆಂದೇ ಅವಮಾನಿಸುವುದು ಅಪರಾಧ. ಇದಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷದವರೆಗೆ ವಿಸ್ತರಿಸಬಹುದಾದ ಸಜೆ ಮತ್ತು ದಂಡವಿದೆ. ಇಲ್ಲಿ ಇರಾದೆ ಮುಖ್ಯ. ಅರಿಯದೆ ಮಾಡಿದ ಪ್ರತಿ ತಮಾಷೆಯೂ ಇದರಡಿ ಬರುವುದಿಲ್ಲ.

ಸಿನಿಮಾ ಕುರಿತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನೀಡಿದ ತೀರ್ಪು ಈ ವ್ಯತ್ಯಾಸವನ್ನು ಇನ್ನಷ್ಟು ಬಿಡಿಸಿತು. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರದಲ್ಲಿ ಅಂಗವಿಕಲರನ್ನು ಚಿತ್ರಿಸಿದ ರೀತಿಯನ್ನು ಪ್ರಶ್ನಿಸಿ ನಿಪುಣ್ ಮಲ್ಹೋತ್ರಾ ಸಲ್ಲಿಸಿದ್ದ ಅರ್ಜಿ ಅದು. ಅಂಗವೈಕಲ್ಯವನ್ನು ಅರ್ಥಮಾಡಿಕೊಳ್ಳಲು ನೆರವಾಗುವ ಹಾಸ್ಯವೇ ಬೇರೆ, ಅಂಗವಿಕಲರನ್ನು ಕೀಳಾಗಿ ಕಾಣಿಸುವ ಹಾಸ್ಯವೇ ಬೇರೆ ಎಂದು ನ್ಯಾಯಪೀಠ ಹೇಳಿತು. ತನ್ನ ನಡಿಗೆಯ ಬಗ್ಗೆ ಗೆಳೆಯ ತಾನೇ ತಮಾಷೆ ಮಾಡಿಕೊಳ್ಳುವುದುಂಟು. ಅದು ಅವನ ಹಕ್ಕು. ಅವನು ನಕ್ಕನೆಂದು ಅದೇ ತಮಾಷೆಗೆ ಉಳಿದವರಿಗೂ ಪರವಾನಗಿ ಸಿಕ್ಕಿತೆಂದು ತಿಳಿಯುವಂತಿಲ್ಲ.

ಸರಿಪಡಿಸುವ ಬಗೆ

ಎಲ್ಲೆ ಮೀರಿದ ಅಣಕವನ್ನು ಮತ್ತಷ್ಟು ಅಣಕದಿಂದ ಮರೆಸಲು ಹೊರಡುವುದು ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ಎಲ್ಲರೆದುರು ಕ್ಷಮೆ ಕೇಳಿ ಅದೇ ನಡಿಗೆಯನ್ನು ಮತ್ತೊಮ್ಮೆ ಚರ್ಚೆಗೆ ತರುವುದು. ಗುಂಪಿನ ಮುಂದೆ ಆದ ನೋವಿಗೆ ಮೊದಲ ಮಾತು ಏಕಾಂತದಲ್ಲಿ ಆಗುವುದು ಲೇಸು. 'ನಿನಗೆ ಬೇಜಾರಾಗಿದ್ದರೆ' ಎಂಬ ಷರತ್ತು ಅಲ್ಲಿ ಬೇಡ. 'ನಿನ್ನ ನಡಿಗೆ ಆಡಿ ತೋರಿಸಿದ್ದು ತಪ್ಪಾಯ್ತು, ಇನ್ನ ಮಾಡಂಗಿಲ್ಲ' ಎಂದರೆ ಸಾಕು. ಏನು ತಪ್ಪು ಎಂಬುದನ್ನು ಹೆಸರಿಟ್ಟು ಹೇಳಿದಾಗ ಮಾತ್ರ, ಅದು ಅರ್ಥವಾಗಿದೆ ಎಂದು ಎದುರಿನವನಿಗೆ ತಿಳಿಯುತ್ತದೆ.

ಗುಂಪಿನಲ್ಲಿದ್ದು ನಕ್ಕವರಿಗೂ ಪಾಲಿದೆ. ಮೂರನೆಯ ಸಂಜೆ ನಡುವೆಯೇ ನಗು ನಿಲ್ಲಿಸಿದವನೊಬ್ಬನಿದ್ದ. ಅವನು 'ಸಾಕು ಬಿಡಲೇ' ಎಂಬ ಎರಡು ಮಾತು ಆಡಿದ್ದರೆ ಗುರಿಯಾದವನು ತಾನೇ ಸಿಟ್ಟಾಗಬೇಕಾದ ಪ್ರಮೇಯ ಬರುತ್ತಿರಲಿಲ್ಲ. ಅಣಕ ನಡೆಯುವುದು ನೋಡುವವರಿಗಾಗಿ. ಅವರು ನಗದಿದ್ದರೆ ಅಣಕಕ್ಕೆ ಕೆಲಸವಿಲ್ಲ.

ರಾಜಿಯಾದ ಗೆಳೆಯರು ಮತ್ತೆ ಅಣಕಿಸಬಾರದೆಂದೇನೂ ಇಲ್ಲ. ಕೆಲವು ದಿನಗಳ ನಂತರ ಗುರಿಯಾದವನೇ ಗಂಟಲು ಸರಿಪಡಿಸಿಕೊಂಡು, ಟವೆಲ್ ಎತ್ತಿಹಾಕಿ, ಅಣಕಿಸುತ್ತಿದ್ದವನ ಕಡೆ ನೋಡಿ 'ಅದು ಹಂಗಲ್ಲ ನೋಡು' ಎಂದನೆಂದರೆ ಆಟ ಮತ್ತೆ ಆರಂಭವಾಯಿತೆಂದು ತಿಳಿಯಬಹುದು. ಆ ಕರೆ ಬರಬೇಕಾದದ್ದು ಅವನ ಕಡೆಯಿಂದಲೇ.